ಎರಡನೆಯ ಹದಿನೈದು ದಿನ

ಕೊಳ್ಳೇಗಾಲದ ರೇಷ್ಮೆ ಕಾರ್ಖಾನೆ ಮುಚ್ಚಿದ ದಿನ ಮ್ಯಾನೇಜರು ಗ್ರಾಚ್ಯುಟಿಯ ರಸೀದಿಯನ್ನು ನನ್ನ ಮುಂದಿಟ್ಟರು. ದುಡಿದ ಒಂದೊಂದು ವರ್ಷಕ್ಕೆ ಹದಿನೈದು ದಿನದ ಸಂಬಳ. ಕೆಳಗೆ, ‘ಇನ್ನೇನೂ ಬಾಕಿ ಇಲ್ಲ.’ ಕಾರ್ಖಾನೆ ಮುಚ್ಚಿದ್ದಕ್ಕೆ ಕೊಡಬೇಕಾದ ಪರಿಹಾರವೂ ವರ್ಷಕ್ಕೆ ಹದಿನೈದು ದಿನವೇ. ಎರಡೂ ಒಂದೇ ಎಂದು ನಂಬಿ ಜೊತೆಯವರೆಲ್ಲ ಹೆಬ್ಬೆಟ್ಟು ಒತ್ತಿದ್ದರು.

“ಇದು ದುಡ್ದಿದ್ದಕ್ಕೆ ಸಾ. ಕೆಲ್ಸ ಕಿತ್ಕಂಡಿದ್ದಕ್ಕೆ ಯಾವ್ದು?” ಎಂದೆ.

“ಎಲ್ಲಾ ಇದ್ರಲ್ಲೇ ಸೇರ್ಕಂಡದೆ, ಒತ್ತಮ್ಮ.”

ಒತ್ತಲಿಲ್ಲ. ಲೇಬರ್ ಆಫೀಸರ ಎದುರೂ ಅದನ್ನೇ ಕೇಳಿದೆ. ಅದು ಬೇರೆ, ಇದು ಬೇರೆ, ಎರಡನ್ನೂ ಕೊಡಬೇಕು ಎಂದು ಅವರು ಮ್ಯಾನೇಜರಿಗೆ ಹೇಳಿದರು. ಕಡೆಗೆ ಪರಿಹಾರ ಬಂತು, ಮೊದಲೇ ಒತ್ತಿದವರಿಗೂ ಬಂತು.

ಆಗ ನಾನೂ ಒತ್ತಿದೆ. ಕುದಿನೀರಿನಲ್ಲಿ ಗೂಡು ಬಿಚ್ಚಿ ಬಿಚ್ಚಿ ಸವೆದ ಹೆಬ್ಬೆರಳು. ಕಾಗದದ ಮೇಲೆ ಒಂದು ಗೆರೆಯೂ ಮೂಡಲಿಲ್ಲ.