ಮೂರನೇ ಪದವನ್ನು ನೋಡದವರು

ಅಫಜಲಪುರವೇ ಇರಬೇಕು, ಅಥವಾ ಆಳಂದ. ಆ ವರ್ಷ ಎರಡೂ ಕಾಲೇಜುಗಳಲ್ಲಿ ನಾನು ಗಣಿತದ ಅತಿಥಿ ಉಪನ್ಯಾಸಕ, ಶನಿವಾರ ಜೇವರ್ಗಿಯಲ್ಲೂ. ಬಸ್ಸಿನ ದಣಿವು ಮೂರು ಸ್ಟಾಫ್ ರೂಮುಗಳನ್ನು ಕಲಸಿಹಾಕಿದೆ. ಕಿಟಕಿಯಾಚೆ ಬೇವಿನ ಮರವಿತ್ತು ಎಂದು ಬರೆದರೆ ಚಂದ ಕಾಣುತ್ತದೆ. ಇತ್ತೋ ಇಲ್ಲವೋ ಗೊತ್ತಿಲ್ಲ. ಲೆಕ್ಕ ಮಾತ್ರ ಗೊತ್ತು.

ಬಿಸಿಎ ಹುಡುಗಿಯೊಬ್ಬಳು ಗಣಿತ ಪರೀಕ್ಷೆಯ ಮರುದಿನ ಗೆಳತಿಯ ಜೊತೆ ಬಂದಳು. ಅವಳಿಗೆ ಉಳಿದಿದ್ದು ಅದೊಂದೇ ಪೇಪರು. ಪಾಸಾದರೆ ಕಡಗಂಚಿಯ ವಿಶ್ವವಿದ್ಯಾಲಯದಲ್ಲಿ ಎಂಸಿಎ, ಇಲ್ಲದಿದ್ದರೆ ಒಂದು ವರ್ಷ ಮನೆ.

"ನಿನ್ನೆಯಿಂದ ಉಂಡಿಲ್ರಿ ಸರ್ ಈಕಿ," ಎಂದಳು ಗೆಳತಿ. "ಸುಮ್ನಿರು ಬೇ," ಎಂದು ಇವಳು ಪ್ರಶ್ನೆಪತ್ರಿಕೆ ಮುಂದಿಟ್ಟಳು.

ಪ್ರಶ್ನೆ ಸರಳ: ಪ್ರತಿ ಪದವೂ ಹಿಂದಿನ ಪದ ಮತ್ತು ಅದಕ್ಕೂ ಹಿಂದಿನದರ ಆರು ಪಟ್ಟು ಸೇರಿದ್ದು. ಮೊದಲೆರಡು ಪದಗಳು 5, 5. ಸೂತ್ರ ಬರೆಯಿರಿ.

"ಮೊದಲು (−3)ⁿ + 4·2ⁿ ಬಂತ್ರಿ. ಡೌಟ್ ಬಂದು ಮತ್ತ ಮಾಡಿದೆ, 3·3ⁿ + 2(−2)ⁿ ಬಂತು. ನೀವು ಹೇಳಿದಂಗ ಸೊನ್ನೆ, ಒಂದು ಹಾಕಿ ನೋಡಿದೆ. ಎರಡರಾಗೂ ಐದು, ಐದೇ ಬಂತ್ರಿ."

"ಮತ್ತ?"

"ಎರಡೂ ಸರಿ ಅಂದ್ರ ಒಂದೇ ಇಡಬೇಕಲ್ರಿ. ಎರಡನೇದು ಹೊಡದು ಹಾಕಿದೆ."

n ಜಾಗದಲ್ಲಿ ಎರಡು ಹಾಕಿದೆ; ಎಣಿಕೆ ಸೊನ್ನೆಯಿಂದ, ಹಾಗಾಗಿ ಅದು ಮೂರನೇ ಪದ. ನಿಯಮದ ಪ್ರಕಾರ 5 + 6×5, ಮೂವತ್ತೈದು. ಹೊಡೆದು ಹಾಕಿದ್ದು 27 + 8, ಮೂವತ್ತೈದು. ಉಳಿಸಿಕೊಂಡಿದ್ದು 9 + 16, ಇಪ್ಪತ್ತೈದು.

ಮೊದಲ ಸಲ 3, −2 ಎಂಬ ಮೂಲಗಳ ಚಿಹ್ನೆ ತಿರುಗಿಸಿ −3, 2 ಮಾಡಿದ್ದಳು. ಆದರೂ ಮೊದಲೆರಡು ಪದಗಳು ತಾಳೆಯಾಗುತ್ತವೆ, ಆಗಲೇಬೇಕು. ಸ್ಥಿರಾಂಕಗಳನ್ನು ಆ ಎರಡು ಪದಗಳಿಂದಲೇ ತೆಗೆದಿರುತ್ತೇವೆ. ಸೂತ್ರದ ನಿಜವಾದ ಪರೀಕ್ಷೆ ಶುರುವಾಗುವುದೇ ಮೂರನೇ ಪದದಿಂದ. ಮೂರೂ ಊರುಗಳಲ್ಲಿ ನಾನು, ಬಸ್ಸಿಗೆ ಹೊತ್ತಾಯಿತೆಂದು, "ಸೊನ್ನೆ, ಒಂದು ಹಾಕಿ ನೋಡ್ರಿ, ಸಾಕು" ಎಂದು ಹೇಳಿ ಚಾಕ್ ಇಡುತ್ತಿದ್ದೆ. ಅವಳು ಹೇಳಿದಷ್ಟನ್ನು ಮಾಡಿದ್ದಳು.

ಅವಳು ಇಪ್ಪತ್ತೈದನ್ನೇ ನೋಡುತ್ತಿದ್ದಳು.

"ಹೊಡದು ಹಾಕಿದ್ದಕ್ಕ ಮಾರ್ಕ್ಸ್ ಕೊಡ್ತಾರೇನ್ರಿ?"

"ಕೊಡಂಗಿಲ್ಲ."

ಆಮೇಲೆ ನಾನು "ತಪ್ಪು ನಂದವ್ವ" ಎಂದೆ. ಅಂದೆನೆಂದು ಹಲವರಿಗೆ ಹೇಳಿದ್ದೇನೆ. ಹೇಳಿ ಹೇಳಿ ಆ ಮಾತಿಗೆ ನನ್ನ ದನಿ ಕೂಡಿಕೊಂಡಿದೆ. ಅವಳ ಮುಖ ಮಾತ್ರ ಕೂಡುವುದಿಲ್ಲ. ಅಂದಿದ್ದರೆ ಅವಳು ಏನಾದರೂ ಅನ್ನಬೇಕಿತ್ತಲ್ಲ, ಅದು ನೆನಪಿಲ್ಲ. ಬಹುಶಃ ನಾನು ಗಡಿಯಾರ ನೋಡಿ ಎದ್ದಿರಬೇಕು.

ಮರುವರ್ಷ ನನ್ನನ್ನು ಬೇರೆ ಕಡೆ ಹಾಕಿದರು. ಈಗ ಮೂರನೇ, ನಾಲ್ಕನೇ ಪದದತನಕ ಹಾಕಿಸುತ್ತೇನೆ, ಬಸ್ಸು ಹೋದರೂ. ಅವಳು ಉಳಿದ ಪ್ರಶ್ನೆಗಳ ಅಂಕದಿಂದ ಪಾಸಾದಳೋ, ಕಡಗಂಚಿಗೆ ಹೋದಳೋ, ನಾನು ಯಾರನ್ನೂ ಕೇಳಲಿಲ್ಲ. ಗೊತ್ತಿಲ್ಲ.