ತಾಯಿ ಏಳುತ್ತಾಳೆ

ಶುಕ್ರವಾರ ಮಧ್ಯಾಹ್ನ ಮೂರು ಹತ್ತಕ್ಕೆ, ಬೊರಿವಲಿ ಲೋಕಲ್ ರೈಲಿನಲ್ಲಿ ನಿಂತಿದ್ದಾಗ, ನನ್ನ ಮಾರ್ಗದರ್ಶಕಿಯ ಪತ್ರ ಫೋನಿಗೆ ಬಂತು. ಧರ್ಮ ಅಧ್ಯಯನದ ನನ್ನ ಮಹಾಪ್ರಬಂಧದ ಅಧ್ಯಾಯಗಳ ರೂಪರೇಖೆ ಹೀಗೇ ಸಮಿತಿಗೆ ಹೋಗಲಾರದು ಎಂದು ಬರೆದಿದ್ದರು. ಸೋಮವಾರ ಸಮಿತಿ ಒಪ್ಪದಿದ್ದರೆ ನನ್ನ ಪಿಎಚ್‌ಡಿ ನೋಂದಣಿಯೇ ರದ್ದಾಗುತ್ತಿತ್ತು.

ಎರಡನೆಯ ಮತ್ತು ನಾಲ್ಕನೆಯ ಅಧ್ಯಾಯಗಳು ಒಂದೇ ಮಾತು ಹೇಳುತ್ತಿವೆ, ಕೂಡಿಸಿ ಎಂದಿದ್ದರು. ಅದು ಸುಲಭ. ಯಲ್ಲಮ್ಮ ಮೈಮೇಲೆ ಬರುವ ಹೆಂಗಸರ ಕುರಿತ ಮೂರನೆಯದರ ಟಿಪ್ಪಣಿ ನನ್ನನ್ನು ಅಲುಗಿಸಿತು: “ಪೊಸೆಶನ್ ಎಂದು ಬರೆದಿದ್ದೀರಿ. ಅದು ಹೊರಗಿನವರ ಪದ. ಆ ಹೆಂಗಸರು ಏನನ್ನುತ್ತಾರೆ?”

ಎರಡು ವರ್ಷ ಅವರ ನಡುವೆ ಕೂತಿದ್ದರೂ ಅದನ್ನೇ ಕೇಳಿರಲಿಲ್ಲ. ಗೋರೆಗಾಂವ್‌ನಲ್ಲಿ ಇಳಿದು ಕೂಲಿಯವರ ಸಾಲುಮನೆಗಳಿರುವ ಚಾಳಿನ ಯಲ್ಲಮ್ಮನ ಗುಡಿಗೆ ಹೋದೆ. ಅಲ್ಲಿ ಪೂಜೆ ಮಾಡುವ ಅಕ್ಕ ವಿಜಯಪುರದ ಕಡೆಯವರು. ಕಟ್ಟಡ ಕೆಲಸದವರಾದರೂ ದೇವಿಯ ದಿನವೆಂದು ಶುಕ್ರವಾರ ಕೆಲಸಕ್ಕೆ ಹೋಗುವುದಿಲ್ಲ.

“ಅಕ್ಕಾ, ತಾಯಿ ಮೈಮ್ಯಾಲ ಬರೂದಕ್ಕ ನೀವ ಏನಂತೀರಿ?”

“ಬರಾಕ ಆಕಿ ಎಲ್ಲಿ ಹೋಗ್ಯಾಳ? ಒಳಗ ಇರತಾಳ, ಏಳತಾಳ. ಎರಡ ವರ್ಷ ಕುಂತ ಚಾ ಕುಡದಿ, ಇಷ್ಟ ತಿಳೀಲಿಲ್ಲೇನವಾ?”

ದೇವಿ ಹೊರಗಿನಿಂದ ಬರುತ್ತಾಳೆ ಎಂಬ ನನ್ನ ವಾದ ಅಲ್ಲೇ ಬಿತ್ತು. ‘ಏಳುವುದು’ ಎಂಬುದನ್ನೇ ಮೂರನೆಯ ಅಧ್ಯಾಯದ ಹೆಸರಾಗಿಸಿ, ಉಳಿದವನ್ನು ಅದರ ಸುತ್ತ ಜೋಡಿಸಿ, ಭಾನುವಾರ ಕಳಿಸಿದೆ. ಮಾರ್ಗದರ್ಶಕಿ ಒಂದೇ ಸಾಲು ಬರೆದರು: “ಈಗ ಇದು ನಿಮ್ಮ ಪ್ರಬಂಧ.”

ಸೋಮವಾರ ಸಮಿತಿಯ ಹಿರಿಯರೊಬ್ಬರು ‘ಏಳುವುದು’ ಎಂಬ ಆ ಪದವನ್ನು ನನ್ನಿಂದ ಎರಡು ಸಲ ಹೇಳಿಸಿ ಬರೆದುಕೊಂಡರು. ಆಮೇಲೆ ಎಲ್ಲರೂ ಸಹಿ ಹಾಕಿದರು. ಮೂರು ರಾತ್ರಿ ಬೆಚ್ಚಿ ಏಳುತ್ತಿದ್ದ ನಾನು ಅಂದು ಮಲಗಿದವಳು ಎದ್ದದ್ದು ಮರುದಿನ ಎಂಟಕ್ಕೆ.