ಪಿರಮಿಡ್ಡಿನ ಐದನೆಯ ಮುಖ

ತುಂಗಾಬಾಯಿಯವರಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಕಲಬುರಗಿಯ ಬ್ರಹ್ಮಪುರದ ಮನೆಯಿಂದ ಹೊರಟು, ಬೆಳಗಿನ ಬಸ್ಸು ಹಿಡಿದು, ಕಮಲಾಪುರದ ಹೆಣ್ಣುಮಕ್ಕಳ ಹೈಸ್ಕೂಲು ಮುಟ್ಟುವಷ್ಟರಲ್ಲಿ ಅವರು ಒಬ್ಬರಿಗಾದರೂ ಬೈದಿರುತ್ತಿದ್ದರು. ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ, ಸಿಟ್ಟು ನೆತ್ತಿಗೇರಿದರೆ ಎರಡೂ ಕೂಡಿ. ಗಣಿತದ ಬಾಯಾರು ಎಂದರೆ ಹುಡುಗಿಯರು ಗಡಗಡ ನಡುಗುತ್ತಿದ್ದರು. ಆದರೆ ಅವರ ಕ್ಲಾಸು ತಪ್ಪಿಸಿಕೊಂಡವಳು ಒಬ್ಬಳೂ ಇರಲಿಲ್ಲ. ಅದು ಹೆದರಿಕೆಯಿಂದಲೋ ಪ್ರೀತಿಯಿಂದಲೋ ಅಂತ ಕೇಳಿದರೆ ಹುಡುಗಿಯರಿಗೂ ಹೇಳಲಿಕ್ಕೆ ಬರುತ್ತಿರಲಿಲ್ಲ.

ಅವರ ಬಾಯಲ್ಲಿ ಒಂದೇ ಮಾತು: "ನಾ ಹೇಳ್ದೆ ಅಂತ ನಂಬಬ್ಯಾಡ. ನೀನ ಎಣಿಸಿ ನೋಡು."

ಈ ಮಾತನ್ನು ಅಕ್ಷರಶಃ ಹಿಡಿದುಕೊಂಡವಳು ಹತ್ತನೆಯ ಕ್ಲಾಸಿನ ಗುಲ್ಶನ್. ಊರಿನ ಕೆಂಪು ಬಾಳೆಹಣ್ಣನ್ನು ತಳ್ಳುಗಾಡಿಯಲ್ಲಿಟ್ಟು ಮಾರುವ ಹುಸೇನನ ಮಗಳು. ಚಿಕ್ಕಂದಿನಲ್ಲಿ ಜ್ವರ ಬಂದು ಎರಡೂ ಕಣ್ಣು ಹೋಗಿದ್ದವು. ತಂಗಿಯ ಹೆಗಲ ಮೇಲೆ ಕೈಯಿಟ್ಟು ಶಾಲೆಗೆ ಬರುತ್ತಿದ್ದಳು, ಮುಂದಿನ ಬೆಂಚಿನಲ್ಲಿ ಕೂತು ಎಲ್ಲವನ್ನೂ ಕಿವಿಯಿಂದಲೇ ಕಲಿಯುತ್ತಿದ್ದಳು. ಬಾಯಿ ಮಾತ್ರ ಬಲು ಜೋರು.

ತೊಂಬತ್ತರ ದಶಕದ ಕೊನೆಯ ಮಾತಿದು. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಅರ್ಜಿ ತುಂಬುವ ಕಾಲ. ಕಣ್ಣಿಲ್ಲದ ಮಕ್ಕಳು ಗಣಿತ ಬಿಟ್ಟು ಅದರ ಬದಲಿಗೆ ಬೇರೆ ವಿಷಯ ತೆಗೆದುಕೊಳ್ಳಬಹುದು ಎಂಬ ಸವಲತ್ತಿತ್ತು. ಹೆಡ್‌ಮಾಸ್ತರ್ ಮಾಪಣ್ಣನವರು ಒಳ್ಳೆಯ ಮನುಷ್ಯರು, ಗುಲ್ಶನ್‌ಳ ಅರ್ಜಿಯಲ್ಲಿ ಗಣಿತ ಬಿಡಿಸಿಬಿಡೋಣ ಎಂದರು. ಹುಡುಗಿ ಪಾಸಾಗಲಿ ಎಂಬುದೇ ಅವರ ಕಳಕಳಿ. ಹುಸೇನನೂ "ಸಾಲಿಯವರು ಹೆಂಗ ಹೇಳ್ತೀರಿ ಹಂಗ್ರಿ" ಎಂದು ಕೈಮುಗಿದು ಹೋಗಿದ್ದ.

ಗುಲ್ಶನ್ ಮಾತ್ರ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತಳು.

"ಬಾಯಾರ, ಗಣಿತ ಬಿಡಂಗಿಲ್ಲ ನಾ."

"ಯಾಕವಾ? ಉಳಿದ ಮಂದಿ ಬಿಟ್ರ ಸಾಕಪಾ ಅಂತಾರ."

"ಎಲಿ ಹಸರದ ಅಂತಾರ, ನಂಬ್ತೀನಿ. ನಕಾಶದಾಗ ದಿಲ್ಲಿ ಮ್ಯಾಲದ ಅಂತಾರ, ಅದನ್ನೂ ನಂಬ್ತೀನಿ. ಎಲ್ಲಾ ಮಂದಿ ಹೇಳಿದ್ದು ನಂಬೋದೇ ಆತು. ಗಣಿತದಾಗ ಅಷ್ಟೇ ಖರೇನೋ ಸುಳ್ಳೋ ನಾನ ನೋಡಬಹುದ್ರಿ."

ಆ ಮಾತು ತುಂಗಾಬಾಯಿಯವರಿಗೆ ನಾಟಿತು. ಆದರೆ ತೋರಿಸಿಕೊಳ್ಳುವ ಜಾಯಮಾನ ಅವರದಲ್ಲ. "ಹೋಗು ಹೋಗು, ಮಾತು ಭಾಳಾತು" ಎಂದು ಗದರಿ ಕಳಿಸಿ, ನೇರ ಹೆಡ್‌ಮಾಸ್ತರರ ಕೋಣೆಗೆ ಹೋದರು.

ಮಾಪಣ್ಣ ಪುಸ್ತಕ ತೆರೆದು, ಘನಾಕೃತಿಗಳ ಪಾಠದ ಮೇಲೆ ಬೆರಳಿಟ್ಟರು. "ಬಾಯಾರ, ಲೆಕ್ಕ ಬಾಯಿಲೆ ಮಾಡ್ತಾಳ, ಒಪ್ಪಿದೆ. ಈ ಚಿತ್ರ ಹೆಂಗ ನೋಡ್ತಾಳ? ಇದೊಂದು ಪಾಠ ಆಕಿಗಿ ತಿಳೀತದ ಅಂತ ನನ್ನ ಮುಂದ ತೋರಸ್ರಿ. ಗಣಿತ ಅಂತ ಬರೀತೀನಿ. ಇಲ್ಲಂದ್ರ ಬಿಡಸ್ತೀನಿ."

ಆ ಪಾಠದ ಸಾರ ಇಷ್ಟೇ. ಸಪಾಟು ಮುಖಗಳಿರುವ ಗಟ್ಟಿ ವಸ್ತು ತೆಗೆದುಕೊಳ್ಳಿ. ನಡುವೆ ಈಚೆಯಿಂದ ಆಚೆಗೆ ಹಾಯುವ ತೂತು ಮಾತ್ರ ಇರಬಾರದು. ಅದರ ಮುಖಗಳನ್ನೂ ಮೂಲೆಗಳನ್ನೂ ಕೂಡಿಸಿದರೆ ಬರುವ ಸಂಖ್ಯೆ, ಅಂಚುಗಳಿಗಿಂತ ಸರಿಯಾಗಿ ಎರಡು ಹೆಚ್ಚು. ಇಷ್ಟನ್ನು ಬಾಯಿಪಾಠ ಮಾಡಿಸುವುದು ಒಂದು ಗಳಿಗೆಯ ಕೆಲಸ. ತುಂಗಾಬಾಯಿಯವರಿಗೆ ಬಾಯಿಪಾಠವೆಂದರೆ ಮೈಯೆಲ್ಲ ಉರಿ.

ಅವರು ಕಸಬರಿಗೆ ಕಡ್ಡಿ ಮುರಿದು, ತುದಿಗಳನ್ನು ಹಸಿ ಮಣ್ಣಿನ ಉಂಡೆಗಳಲ್ಲಿ ಚುಚ್ಚಿ, ಒಂದು ಘನ ಕಟ್ಟಿ ತಂದರು. ಗುಲ್ಶನ್ ಎಡಗೈ ಹೆಬ್ಬೆರಳನ್ನು ಒಂದು ಉಂಡೆಯ ಮೇಲೆ ಗುರುತಿಗೆ ಊರಿಕೊಂಡು, ಬಲಗೈ ಆಡಿಸಿದಳು.

"ಮೂಲಿ, ಮ್ಯಾಲ ನಾಕು, ಕೆಳಗ ನಾಕು, ಎಂಟು. ಕಡ್ಡಿ, ಮ್ಯಾಲ ನಾಕು, ಕೆಳಗ ನಾಕು, ನಿಂತಾವು ನಾಕು. ಹನ್ನೆರಡು."

"ಶಾಬ್ಬಾಸ್! ಮುಖ?"

ಬೆರಳು ಕಡ್ಡಿಗಳ ನಡುವೆ ತೂರಿ ಆಚೆ ಬಂತು. "ಮುಖ ಎಲ್ಲವ್ರಿ? ಬರೇ ಗಾಳಿ ಅದ."

ತುಂಗಾಬಾಯಿ ಹಣೆ ಹಣೆ ಬಡಿದುಕೊಂಡರು. ಕಣ್ಣಿದ್ದವರು ನಾಲ್ಕು ಕಡ್ಡಿ ಕಂಡರೆ ನಡುವೆ ಮುಖವನ್ನು ತಾವೇ ಕಲ್ಪಿಸಿಕೊಳ್ಳುತ್ತಾರೆ, ಇವಳಿಗೆ ಕೈಗೆ ಸಿಕ್ಕಿದ್ದೇ ಸತ್ಯ. ಮನೆಯಲ್ಲಿದ್ದ ಹಳೆಯ ಲಗ್ನಪತ್ರಿಕೆಗಳಿಗೆ ಗತಿ ಬಂತು. ಕತ್ತರಿಸಿ, ಮೈದಾ ಅಂಟಿನಿಂದ ಕಡ್ಡಿಗಳಿಗೆ ಹಚ್ಚಿದರು. ಪತ್ರಿಕೆ ಗಟ್ಟಿಯಾಗಿ ಕೂರಬೇಕಾದರೆ ಒಳಗಿನಿಂದಲೂ ಬೆರಳಿನಿಂದ ಒತ್ತಬೇಕು. ಹಾಗಾಗಿ ಒಂದು ಮುಖ ತೆರೆದಿಟ್ಟು, ಉಳಿದವು ಒಣಗಿದ ಮೇಲೆ ಕೊನೆಗೆ ಅದನ್ನು ಮುಚ್ಚುವುದು ಅವರು ಕಂಡುಕೊಂಡ ಪದ್ಧತಿ.

ಮರುದಿನ ಗುಲ್ಶನ್ ಎಣಿಸಿದಳು. ಮುಖ ಆರು, ಮೂಲೆ ಎಂಟು, ಕೂಡಿಸಿದರೆ ಹದಿನಾಲ್ಕು. ಅಂಚು ಹನ್ನೆರಡು, ಅದಕ್ಕೆ ಎರಡು ಸೇರಿದರೂ ಹದಿನಾಲ್ಕು. ಹುಡುಗಿಯ ಮುಖ ಅರಳಿತು, ಮರುಕ್ಷಣವೇ ಹುಬ್ಬು ಗಂಟಾಯಿತು.

"ಇದೊಂದಕ್ಕ ಸುಮ್ಮ ಕೂಡಿ ಬಂದಿರಬೇಕು. ಒಂದು ಮೂಲಿ ಹೆಚ್ಚಿ ಒಗದ್ರ?"

ಇಂಥ ಪ್ರಶ್ನೆ ಕೇಳಿದರೆ ತುಂಗಾಬಾಯಿಯವರಿಗೆ ಹಸಿವೆ ನೀರಡಿಕೆ ಮರೆತುಹೋಗುತ್ತಿತ್ತು. ಅಂಗಡಿಯಿಂದ ಬಟ್ಟೆ ಸೋಪಿನ ಬಾರು ತರಿಸಿ, ಅದನ್ನು ಚೌಕಾಗಿ ಕೊಯ್ದು ಘನ ಮಾಡಿ, ಒಂದು ಮೂಲೆಯನ್ನು ಚಾಕುವಿನಿಂದ ಓರೆಯಾಗಿ ಹಾರಿಸಿದರು. ಸ್ಟಾಫ್ ರೂಮೆಲ್ಲ ಸೋಪಿನ ವಾಸನೆ. ಗುಲ್ಶನ್ ಕೊಯ್ದ ಜಾಗವನ್ನು ಸವರಿದಳು.

"ಹೊಸಾದೊಂದು ಮುಖ, ಮೂರು ಮೂಲೀದು. ಹಳೇ ಮೂಲಿ ಒಂದು ಹೋತು, ಮೂರು ಬಂದ್ವು. ಅಂದ್ರ ಎರಡು ಹೆಚ್ಚು. ಅದರ ಸುತ್ತ ಮೂರು ಅಂಚು ಹೊಸಾವು." ಬೆರಳು ಮಡಿಚಿ ಎಣಿಸಿದಳು. "ಮುಖ ಒಂದು, ಮೂಲಿ ಎರಡು, ಈ ಕಡೀಗಿ ಮೂರು ಹೆಚ್ಚಾತು. ಆ ಕಡೀಗೂ ಅಂಚು ಮೂರು ಹೆಚ್ಚಾತು. ಬಾಯಾರ! ಎರಡು ಎಲ್ಲೂ ಹೋಗ್ಲೇ ಇಲ್ಲ!"

ಏಳು ಮುಖ, ಹತ್ತು ಮೂಲೆ, ಹದಿನೈದು ಅಂಚು. ಅವಳು ಮತ್ತೆ ಮತ್ತೆ ಎಣಿಸಿದಳು, ಮತ್ತೆ ಮತ್ತೆ ನಕ್ಕಳು. ಇಷ್ಟು ವರ್ಷ ಈ ಪಾಠ ಮಾಡಿದ್ದ ತುಂಗಾಬಾಯಿಯವರಿಗೂ ಅದು ಕಣ್ಣಿಗೆ ಕಟ್ಟಿದ್ದು ಅವತ್ತೇ.

ಹೆಡ್‌ಮಾಸ್ತರರಿಗೆ ವರದಿ ಹೋಯಿತು. ಅವರು ಸುಲಭಕ್ಕೆ ಬಗ್ಗುವ ಆಸಾಮಿಯಲ್ಲ. "ಘನ ಬಾಯಿಪಾಠಾಗಿರ್ತದ್ರಿ. ಆಕಿ ಮುಟ್ಟದೇ ಇದ್ದದ್ದು ಒಂದು ತರ್ರಿ. ಪಿರಮಿಡ್ಡು ತರ್ರಿ. ನಾಳೆ ಅರ್ಜಿ ಹೋಗಬೇಕು."

ತುಂಗಾಬಾಯಿ ಪಿರಮಿಡ್ಡು ಕಟ್ಟಿದರು. ತಳಕ್ಕೆ ಚೌಕಾಗಿ ನಾಲ್ಕು ಕಡ್ಡಿ, ಅದರ ಮೂಲೆಗಳಿಂದ ಮೇಲೆದ್ದು ಒಂದೇ ಉಂಡೆಗೆ ಕೂಡುವ ನಾಲ್ಕು ಕಡ್ಡಿ. ರಾತ್ರಿ ಲಗ್ನಪತ್ರಿಕೆ ಹಚ್ಚಿ ಒಣಗಲಿಕ್ಕೆ ಇಟ್ಟರು. ಬೆಳಿಗ್ಗೆ ಬಸ್ಸಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು, ಮೈಮೇಲೆ ಬೀಳುವವರಿಗೆಲ್ಲ ಬೈಯುತ್ತ ಕಮಲಾಪುರ ಸೇರಿಸಿದರು.

ಹೆಡ್‌ಮಾಸ್ತರರ ಟೇಬಲ್ಲಿನ ಮೇಲೆ ಪಿರಮಿಡ್ಡು ಕೂತಿತು. ಪಕ್ಕದಲ್ಲಿ ಅರ್ಜಿ. ಗುಲ್ಶನ್ ಅದನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ಹೆಬ್ಬೆರಳು ಊರಿದಳು.

"ಮೂಲಿ, ಕೆಳಗ ನಾಕು, ನೆತ್ತಿ ಮ್ಯಾಲ ಒಂದು. ಐದು. ಅಂಚು, ಕೆಳಗ ನಾಕು, ಏರೋವು ನಾಕು. ಎಂಟು. ಮುಖ..." ಕೈ ಸುತ್ತಿ ಬಂತು, ಕೆಳಗೆ ಹೋಯಿತು, ನಿಂತಿತು. "ನಾಕು."

ತುಂಗಾಬಾಯಿ ಗದರಿದರು. "ಸರೀ ಎಣಿಸವಾ. ತಳಾ ಬಿಟ್ಟಿ."

"ಬಿಟ್ಟಿಲ್ರಿ. ನಾಕೇ."

"ಅಯ್ಯ ಇದರ! ಐದವ. ನಾ ಹೇಳಾಕತ್ತೀನಲ್ಲ!"

"ನಾಕೇ ಅವ್ರಿ."

ಮಾಪಣ್ಣ ನಿಟ್ಟುಸಿರು ಬಿಟ್ಟರು. "ನಾಕು ಐದು ಒಂಬತ್ತು. ಬರಬೇಕಾದ್ದು ಹತ್ತು. ಹೋಗ್ಲಿ ಬಿಡ್ರಿ ಬಾಯಾರ, ಆಕಿದೇನು ತಪ್ಪಿಲ್ಲ. ಪಾಪ, ಎಷ್ಟಂತ ತಡಕಾಡ್ಯಾಳು?" ಪೆನ್ನಿನ ಟೊಪ್ಪಿಗೆ ತೆಗೆದು ಅರ್ಜಿ ಎಳೆದುಕೊಂಡರು.

ಐದು ಅಂತ ಒಂದು ಸಲ ಅಂದುಬಿಟ್ಟರೆ ನಿನ್ನ ಗಂಟೇನು ಹೋಗ್ತದ ಹುಡುಗಿ ಅಂತ ತುಂಗಾಬಾಯಿಯವರಿಗೆ ಕೂಗಬೇಕೆನಿಸಿತು. ಅಷ್ಟು ಆಸೆ ಇತ್ತು ಅವರಿಗೆ.

ಗುಲ್ಶನ್ ಪೆನ್ನಿನ ಸಪ್ಪಳ ಕೇಳಿದಳು.

"ಸರ, ತಡೀರಿ. ಮೂಲಿ ಐದು, ಅದರಾಗ ತಪ್ಪಿಲ್ಲ. ಅಂಚು ಎಂಟು, ಅದರಾಗೂ ತಪ್ಪಿಲ್ಲ. ಎಂಟು ಎರಡು ಹತ್ತಾಗಬೇಕು. ಅಂದ್ರ ಮುಖ ಐದಿರಲೇಬೇಕು. ಕೈಗಿ ನಾಕೇ ಸಿಗ್ತಾವ. ಲೆಕ್ಕ ಸುಳ್ಳಾಗಂಗಿಲ್ರಿ, ಸೋಪ್ ಹೆಚ್ಚಿ ನೋಡೀನಿ. ಅದಕ್ಕ ಈ ಸಾಮಾನಕ್ಕ ಒಂದು ಮುಖ ಹಚ್ಚೇ ಇಲ್ಲ."

ಎಂದವಳೇ ಪಿರಮಿಡ್ಡನ್ನು ಎತ್ತಿ, ತಳದಿಂದ ಮುಷ್ಟಿಯನ್ನು ಒಳಗೆ ತೂರಿಸಿ ತೋರಿಸಿದಳು. ಕೈ ಮಣಿಕಟ್ಟಿನತನಕ ಒಳಗೆ ಹೋಯಿತು.



"ಅಗ್ಗಬಾಯಿ!" ತುಂಗಾಬಾಯಿ ಬಾಯಿಗೆ ಸೆರಗು ಒತ್ತಿದರು. ಬೆರಳು ಹಾಕಿ ಒತ್ತಲಿಕ್ಕೆಂದು ತಳ ತೆರೆದಿಟ್ಟಿದ್ದು, ಅಷ್ಟರಲ್ಲಿ ಬಸ್ಸಿನ ಹೊತ್ತಾಗಿದ್ದು, ಹಾಗೇ ಎತ್ತಿಕೊಂಡು ಓಡಿದ್ದು, ಎಲ್ಲ ಒಟ್ಟಿಗೇ ನೆನಪಾಯಿತು. ದಾರಿಯುದ್ದಕ್ಕೂ ಮಡಿಲಲ್ಲೇ ಇತ್ತು. ಟೇಬಲ್ಲಿನ ಮೇಲೆ ಎರಡು ಜೊತೆ ಕಣ್ಣುಗಳ ಮುಂದೆಯೇ ಇತ್ತು. ಕೂತ ವಸ್ತುವಿನ ತಳ ಇದೆಯೋ ಇಲ್ಲವೋ ಅಂತ ಇಬ್ಬರಿಗೂ ನೋಡಬೇಕೆನಿಸಿರಲಿಲ್ಲ. "ನಂದ ತಪ್ಪು. ನಂದ. ಆಕಿಗಿ ಸುಳ್ಳು ಹೇಳ್ಸಾಕ ಹೋಗಿದ್ನಲ್ಲಪ್ಪಾ" ಎಂದು ಅವರು ಅಳುತ್ತಲೇ ನಕ್ಕರು.

ಮಾಪಣ್ಣ ಪಿರಮಿಡ್ಡನ್ನು ಇಸಿದುಕೊಂಡು ತಿರುವಿ ನೋಡಿದರು, ಒಳಗೆ ಇಣುಕಿದರು. ನಂಬಿಕೆ ಸಾಲದೆಂಬಂತೆ ತಾವೂ ಒಳಗೆ ಬೆರಳಾಡಿಸಿದರು.

"ಯವ್ವಾ, ಬಾಯಾರು ಐದು ಅಂದ್ರೂ ನಂಬಲಿಲ್ಲಲ್ಲ ನೀ?"

"ಐದು ಆದಮ್ಯಾಲೆ ನಂಬ್ತೀನ್ರಿ."

 ಹೆಡ್‌ಮಾಸ್ತರರು ಪೆನ್ನು ಕೆಳಗಿಟ್ಟು, ತಮ್ಮ ಬಲಗೈಯನ್ನು ಚಪ್ಪಟೆ ಮಾಡಿ ಪಿರಮಿಡ್ಡಿನ ತಳಕ್ಕೆ ಒತ್ತಿ ಹಿಡಿದು, ಅದನ್ನು ಹುಡುಗಿಯ ಮುಂದೆ ಚಾಚಿದರು.

"ಹಿಡಿ. ಈಗ ಎಣಿಸು."

ಗುಲ್ಶನ್ ಹೆಬ್ಬೆರಳು ಊರಿದಳು. ಲಗ್ನಪತ್ರಿಕೆಯ ನಾಲ್ಕು ಮುಖಗಳನ್ನು ಸವರಿದಳು, ಕೆಳಗೆ ಬಂದು ಹೆಡ್‌ಮಾಸ್ತರರ ಕೈಯ ಹಿಂಬದಿಯನ್ನು ಈ ತುದಿಯಿಂದ ಆ ತುದಿಗೆ ಮುಟ್ಟಿದಳು, ಎಲ್ಲಾದರೂ ಸಂದು ಉಳಿದಿದೆಯೇ ಅಂತ ಅಂಚುಗಳ ಗುಂಟ ಬೆರಳು ಎಳೆದಳು. ಅವಸರ ಮಾಡಲಿಲ್ಲ.

"ಐದು" ಎಂದಳು. "ಐದು ಐದು ಹತ್ತು. ಎಂಟು ಎರಡು ಹತ್ತು. ಈಗ ಖರೆ ಆತ್ರಿ."

ಮಾಪಣ್ಣ ಕೈ ತೆಗೆಯಲಿಲ್ಲ. ಅರ್ಜಿಯ ಕಡೆ ಗದ್ದ ತಿರುವಿದರು.

"ಬಾಯಾರ, ಗಣಿತ ಅಂತ ನೀವ ಬರದುಬಿಡ್ರಿ. ನನ್ನ ಕೈ ಖಾಲಿ ಇಲ್ಲ."